ಪದಚರ್ಚೆ: ಬೆಳೆಯದ ಸಂಖ್ಯೆಗೆ ‘ವರ್ಧನಾಂಕ’ ಅನ್ನಬಹುದಾ?

ಸುರತ್ಕಲ್‌ನಿಂದ

ನಮಸ್ಕಾರ. ನೀರು ಬಣ್ಣವನ್ನು ಹೊತ್ತೊಯ್ಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೇಗೆ ಅಂತ ವಿದ್ಯಾರ್ಥಿಗಳಿಗೆ ಟಿಪ್ಪಣಿ ಬರೆಯುತ್ತಿದ್ದೇನೆ. ‘ಆಂಪ್ಲಿಫಿಕೇಶನ್ ಫ್ಯಾಕ್ಟರ್’ಗೆ ‘ವರ್ಧನಾಂಕ’ ಎಂದು ಬರೆದೆ. ಬರೆದ ಮೇಲೆ ಮನಸ್ಸು ಒಪ್ಪಲಿಲ್ಲ. ವರ್ಧನೆ ಅಂದರೆ ಬೆಳೆಯುವುದು. ಒಳ್ಳೆಯ ಲೆಕ್ಕದಲ್ಲಿ ಇದು ಒಂದನ್ನು ದಾಟಲೇಬಾರದು.

ಮಳೆಗಾಲದ ನೇತ್ರಾವತಿಯ ಕೆಂಪು ನೀರನ್ನೇ ತೆಗೆದುಕೊಳ್ಳಿ. ನದಿಯನ್ನು ಉದ್ದಕ್ಕೆ 10 ಮೀಟರಿನ ಮನೆಗಳಾಗಿ ಭಾಗ ಮಾಡಿದೆ, ಚೆನ್ನೆಮಣೆಯ ಹಾಗೆ. ನೀರಿನ ವೇಗ ಸೆಕೆಂಡಿಗೆ 1 ಮೀಟರ್, ಲೆಕ್ಕದ ಒಂದು ಹೆಜ್ಜೆ 5 ಸೆಕೆಂಡ್ ಅಂತ ಇಟ್ಟುಕೊಂಡೆ. ಒಂದು ಹೆಜ್ಜೆಗೆ ನೀರು ಅರ್ಧ ಮನೆ ಸಾಗುತ್ತದೆ. ಆ ಅರ್ಧವೇ `C`. ನೀರು ಬರುವ ಕಡೆಯ ಮನೆಯನ್ನು ನೋಡಿ ಹೊಸ ಕೆಂಪನ್ನು ಬರೆಯುತ್ತೇವೆ:

```
u_new[j] = u[j] - C*(u[j] - u[j-1])
```

ಈಗ ಕೆಂಪೆಲ್ಲ ಒಂದೇ ಅಲೆ ಎಂದುಕೊಳ್ಳಿ. ಮನೆಯಿಂದ ಮನೆಗೆ ಅದರ ಕೋನ `θ`ದಷ್ಟು ಮುಂದೆ ಹೋಗುತ್ತದೆ. ಹಾಗಾಗಿ ಹಿಂದಿನ ಮನೆಯ ಬೆಲೆ ಅಂದರೆ ಈ ಮನೆಯ ಬೆಲೆಗೆ `e^(-iθ)` ಗುಣಿಸಿದ್ದು. `u[j]` ಎಲ್ಲ ಕಡೆಯೂ ಇದೆ, ಅದನ್ನು ಹೊರಗೆ ತೆಗೆದರೆ ಉಳಿಯುವುದು ಒಂದು ಹೆಜ್ಜೆಗೆ ಅಲೆಯನ್ನು ಗುಣಿಸುವ ಸಂಖ್ಯೆ `g`. ನಾನು ವರ್ಧನಾಂಕ ಎಂದದ್ದು ಇದನ್ನೇ, ಇದರ ಗಾತ್ರ `|g|`:

```
g = 1 - C*(1 - e^(-iθ))
|g|^2 = 1 - 2C(1-C)(1 - cosθ)
```

ನಾಲ್ಕು ಮನೆಗೊಮ್ಮೆ ಮರಳುವ ಅಲೆಗೆ `θ` 90 ಡಿಗ್ರಿ. ಆಗ `|g|` ಸುಮಾರು 0.71. ಮನೆ ಬಿಟ್ಟು ಮನೆ ಮೇಲೆ ಕೆಳಗೆ ಆಗುವ ಅಲೆಗೆ ಸೊನ್ನೆ, ಒಂದೇ ಹೆಜ್ಜೆಗೆ ಅಳಿಸಿಹೋಗುತ್ತದೆ. ಇಲ್ಲಿ ವರ್ಧನೆ ಎಲ್ಲಿದೆ?

ಕುಂದಾಪುರದಿಂದ

ಇದಕ್ಕೆ ಹಳೆಯ ಪದ ಇದೆಯಲ್ಲ, ಧ್ವನಿವರ್ಧಕ! ನಾನು ಆಟಕ್ಕೆ ಮೈಕ್ ಕಟ್ಟುವವನು. ಭಾಗವತರ ಮೈಕ್ ಸ್ಪೀಕರಿನ ಕಡೆ ತಿರುಗಿದರೆ ಕುಂಯ್ ಎಂದು ಕೂಗುತ್ತದೆ. ಗಮನಿಸಿ, ಎಲ್ಲ ಸ್ವರವೂ ಏರುವುದಿಲ್ಲ. ಯಾವುದೋ ಒಂದೇ ಸ್ವರ ಸುತ್ತಿ ಸುತ್ತಿ ಏರುತ್ತದೆ.

ಮಣಿಪಾಲದಿಂದ

ಮೇಡಂ, `C` ಒಂದರ ಒಳಗಿದ್ದರೆ ಲೆಕ್ಕ ಸ್ಥಿರ ಅಂತ ನಮಗೆ ಕಲಿಸಿದ್ದಾರೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲೇ ತೋರಿಸಿದ ಮಿತಿ ಅದು. ಹಾಗಿದ್ದರೆ `g` ಬೆಳೆಯುವ ಪ್ರಶ್ನೆಯೇ ಇಲ್ಲ ಅಲ್ವಾ? ‘ಕ್ಷಯಾಂಕ’ ಎಂದುಬಿಡಿ.

ಮಂಗಳೂರಿನಿಂದ

ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. ಮೇಡಂ ಬರೆದ ಲೆಕ್ಕಕ್ಕೆ ಆ ಮಿತಿ ಸಾಕು. ಆದರೆ ಒಂದೇ ಕಡೆ ನೋಡುವ ಬದಲು ಎರಡೂ ಕಡೆಯ ಮನೆಗಳ ವ್ಯತ್ಯಾಸದ ಅರ್ಧ ತೆಗೆದುಕೊಂಡು ನೋಡು. ನೋಡೋದಕ್ಕೆ ಅದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಸಿಗುವುದು ಇದು:

```
g = 1 - i*C*sinθ
|g|^2 = 1 + C^2 * sin^2(θ)
```

ಒಂದಕ್ಕೆ ಏನೋ ಕೂಡುತ್ತಲೇ ಇದೆ. `C` 0.5 ಇದ್ದರೆ ನಾಲ್ಕು ಮನೆಯ ಅಲೆ ಹೆಜ್ಜೆಗೆ 1.118 ಪಟ್ಟು. ನೂರು ಹೆಜ್ಜೆಗೆ ಸುಮಾರು 70,000 ಪಟ್ಟು! `C` ಸಣ್ಣದು ಮಾಡಿದರೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಪರದೆಯ ಮೇಲೆ ನಾಲ್ಕು ನಾಲ್ಕು ಮನೆಗೆ ಮಡಿಕೆ ಬಿದ್ದು ಏರುತ್ತಿದ್ದರೆ ಇದೇ ಕಾರಣ ಇರಬಹುದು ಅಂತ ಮೊದಲು ಅನುಮಾನಿಸು. ಕುಂದಾಪುರದವರು ಹೇಳಿದ ಒಂದೇ ಸ್ವರದ ಮಾತು ಇಲ್ಲಿ ಚೆನ್ನಾಗಿ ಕೂರುತ್ತದೆ.

ಇನ್ನೊಂದು. ಅಳಿವೆಯಲ್ಲಿ ಉಬ್ಬರ ಬಂದರೆ ನೀರು ಹಿಂದಕ್ಕೆ ತಿರುಗುತ್ತದೆ. ಮೇಡಂ ಲೆಕ್ಕ ಮಾತ್ರ ಹಳೆಯ ಕಡೆಯನ್ನೇ ನೋಡುತ್ತಿದ್ದರೆ `C` -0.5. ಆಗ ಮನೆ ಬಿಟ್ಟು ಮನೆಯ ಅಲೆಗೆ `g` ಸರಿಯಾಗಿ 2. ಸೊನ್ನೆಯಾಗುತ್ತಿದ್ದದ್ದು ಈಗ ಹೆಜ್ಜೆ ಹೆಜ್ಜೆಗೂ ಇಮ್ಮಡಿ. ಬೆಳೆಯುವುದೂ ಕರಗುವುದೂ ಒಂದೇ ಸಂಖ್ಯೆ, ಆದ್ದರಿಂದ ‘ಕ್ಷಯ’ವೂ ಬೇಡ. ಎಲ್ಲ ಮನೆಯಲ್ಲೂ ವೇಗ ಒಂದೇ ಎಂದುಕೊಂಡು ಮಾಡಿದ ಪರೀಕ್ಷೆ ಇದು ಅನ್ನುವುದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ನಿಜವಾದ ಅಳಿವೆಯಲ್ಲಿ ಹಾಗಿರುವುದಿಲ್ಲ.

ಉಡುಪಿಯಿಂದ

ಹಾಗಾದರೆ ‘ಪಟ್ಟು’ ಅಂತಲೇ ಇಡಿ. ಮೇಲಿನವರು ಸುಮ್ನೆ ಮಾತಿನ ನಡುವೆ ಎರಡು ಸಲ ಬಳಸಿದರು, ಯಾರಿಗೂ ಅರ್ಥ ಬೇಕಾಗಲಿಲ್ಲ. ‘0.71 ಪಟ್ಟು’ ಕಿವಿಗೆ ಸ್ವಲ್ಪ ಹೊಸದು, ಅಷ್ಟೇ. ‘ಅಂಕ’ ಅಂದರೆ ಮಕ್ಕಳಿಗೆ ಪರೀಕ್ಷೆಯ ನೆನಪು.

ಸುರತ್ಕಲ್‌ನಿಂದ

‘ಪಟ್ಟು’ ಇಷ್ಟವಾಯಿತು. ಆದರೆ ಅದು ಗಾತ್ರವನ್ನಷ್ಟೇ ಹೇಳುತ್ತದೆ. ನನ್ನ 90 ಡಿಗ್ರಿಯ ಅಲೆಗೆ `g` ಅಂದರೆ `0.5 - 0.5i`. ಗಾತ್ರ 0.71ಕ್ಕೆ ಇಳಿಯಿತು, ಜೊತೆಗೆ ಕೋನ 45 ಡಿಗ್ರಿ ಹಿಂದೆ ಸರಿಯಿತು. ಅರ್ಧ ಮನೆ ಸಾಗಿದ ಅಲೆಗೆ ಸರಿಯುವುದು ಅಷ್ಟೇ. ಕೆಂಪು ಸರಿಯಾದ ಜಾಗಕ್ಕೇ ಹೋಗಿದೆ, ತೆಳುವಾಗಿದೆ. ಈ ಎರಡನ್ನೂ ಹೊರುವ ಪದ ಬೇಕು. ‘ಹೆಜ್ಜೆಗುಣಕ’ ಹೊಳೆದಿದೆ, ಆದರೆ `C`ಯನ್ನೂ ಕೆಲವರು ಗುಣಕ ಅನ್ನುತ್ತಾರೆ. ಸದ್ಯಕ್ಕೆ `|g|`ಗೆ ‘ಪಟ್ಟು’ ಬರೆದಿದ್ದೇನೆ. `g`ಯ ಜಾಗ ಖಾಲಿ ಇದೆ.