ಸಹಾಯ ಬೇಕು: ಭಾವನ ಐದು ಕಾಯಿನ್‌ಗಳಲ್ಲಿ ಯಾವುದನ್ನು ಮಾರಬೇಕು?

ನಮಸ್ಕಾರ. ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿ ನಡೆಸುವ ನಮ್ಮ ಭಾವ ಉಳಿತಾಯದ 6 ಲಕ್ಷ ರೂಪಾಯಿಯನ್ನೂ ಒಂದೇ ಕ್ರಿಪ್ಟೊ ಕಾಯಿನ್‌ಗೆ ಹಾಕಿದ್ದರು. ಅಂಗಡಿಯಲ್ಲಿ ಒಂದೇ ಮಿಲ್ಲಿನ ಅಕ್ಕಿಯನ್ನು ಎಂದೂ ತುಂಬದ ಮನುಷ್ಯ! ಅದು 1.5 ಲಕ್ಷಕ್ಕೆ ಇಳಿದ ಮೇಲೆ, "ಇನ್ನು ಹಂಚಿ ಹಾಕುತ್ತೇನೆ" ಎಂದು ಅದನ್ನು ಐದು ಕಾಯಿನ್‌ಗಳಿಗೆ ತಲಾ 30,000ದಂತೆ ಬದಲಾಯಿಸಿಕೊಂಡರು. ಬಿಟ್‌ಕಾಯಿನ್ ಕುಸಿದ ದಿನ ಐದೂ ಒಟ್ಟಿಗೆ ಕುಸಿಯುವುದನ್ನು ನೋಡಿದ ಮೇಲೆಯೇ, ಇದು ಹಂಚಿಕೆಯಲ್ಲ ಎಂದು ಅವರಿಗೆ ಅರ್ಥವಾಗಿದ್ದು.

ಈಗ ಒಂದು ಕಾಯಿನ್ 70,000 ಆಗಿದೆ, ಉಳಿದ ನಾಲ್ಕೂ ಸೇರಿ 60,000. ಎಲ್ಲವನ್ನೂ ಮಾರಿ ಬ್ಯಾಂಕ್ ಠೇವಣಿಗೂ ಇಂಡೆಕ್ಸ್ ಫಂಡಿಗೂ ಹಾಕೋಣ ಎಂದು ಲೆಕ್ಕಕ್ಕೆ ಕುಳಿತೆವು. ಕಾಯಿನ್ ಬದಲಾಯಿಸಿದ್ದೂ ಮಾರಾಟವೇ, ಆದ್ದರಿಂದ 4.5 ಲಕ್ಷದ ನಷ್ಟ ಅಲ್ಲಿಗೇ ಮುಗಿಯಿತು. ಕ್ರಿಪ್ಟೊ ನಷ್ಟವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಹಾಗಾಗಿ 40,000 ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 12,480 ರೂಪಾಯಿ ಕಟ್ಟಬೇಕು. ಒಟ್ಟಾರೆ ಮುಳುಗಿದವರಿಗೂ ತೆರಿಗೆ! ಮಾರುವಾಗ ಕಡಿತವಾಗುವ ಶೇ 1 ಟಿಡಿಎಸ್ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಅದರ ಚಿಂತೆಯಿಲ್ಲ.

ಹಬ್ಬದ ಸರಕಿಗೆ ಈಗ ಸುಮಾರು 60,000 ಬೇಕು. ನಷ್ಟದ ನಾಲ್ಕನ್ನು ಮಾರಿದರೆ ತೆರಿಗೆ ಬರುವುದಿಲ್ಲ. ಆದರೆ ಭಾವ ಮತ್ತೆ ಒಂದೇ ಕಾಯಿನ್ ಹಿಡಿದು ಕೂರುತ್ತಾರೆ. ಪರಿಚಯದ ಲೆಕ್ಕಿಗರು ತೆರಿಗೆ ಉಳಿಸಿ ಎನ್ನುತ್ತಾರೆ, ಅಕ್ಕ ಎಲ್ಲವನ್ನೂ ಮಾರಿ ಎನ್ನುತ್ತಾಳೆ.

ಇಂಥ ಲೆಕ್ಕ ಮಾಡಿದವರು ಹೇಳಿ: 12,480 ಕಟ್ಟಿ ಐದನ್ನೂ ಈಗಲೇ ಮಾರಬೇಕೇ, ಅಥವಾ ಲಾಭದ ಕಾಯಿನ್ನನ್ನು ಸ್ವಲ್ಪ ಸ್ವಲ್ಪವಾಗಿ ಮಾರುವುದರಿಂದ ಏನಾದರೂ ಪ್ರಯೋಜನವಿದೆಯೇ?