ವರ್ಗಾವಣೆ ಪತ್ರದಲ್ಲಿ ಏನೇನು ಬರೀಬೇಕು?

ಕೇಳಿದವರು: ನಮ್ಮ ಕಂಪನಿಯ ಒಬ್ಬರನ್ನು ಬೇರೆ ಊರಿನ ಕಚೇರಿಗೆ ಕಳಿಸ್ತಿದ್ದೇವೆ. ಪತ್ರ ಬರೆಯೋ ಕೆಲಸ ನನ್ನ ತಲೆಗೆ ಬಂದಿದೆ. ಭತ್ಯೆ, ದಿನಾಂಕ, ಸೇರುವಾಗಿನ ಕಾಗದಪತ್ರ, ಇದರಲ್ಲಿ ಎಷ್ಟನ್ನು ಪತ್ರದಲ್ಲೇ ಹಾಕಬೇಕು? ಅನುಭವ ಇದ್ದವರು ಹೇಳಿ.

ಹಳೇ ಎಚ್‌ಆರ್: ಮೊದಲು ದಿನಾಂಕ ಸರಿಮಾಡಿಕೊಳ್ಳಿ. ಜಗಳ ಹುಟ್ಟೋದು ಜಾಸ್ತಿ ಅಲ್ಲೇ. ಬಹಳ ಜನ "27ಕ್ಕೆ ಹೊಸ ಕಚೇರಿಯಲ್ಲಿ ಹಾಜರಾಗತಕ್ಕದ್ದು" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಲೆಕ್ಕ ನೋಡಿ. 20ರ ಸಂಜೆ ಬಿಡುಗಡೆ, ಮನೆ ಸಾಗಿಸಲು 6 ದಿನ, 27ಕ್ಕೆ ಹಾಜರು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹಳೇ ಕಚೇರಿ ಮ್ಯಾನೇಜರ್ "ಕೆಲಸ ಒಪ್ಪಿಸಿ ಹೋಗಿ" ಅಂತ 24ರ ಸಂಜೆವರೆಗೆ ಹಿಡಿದಿಟ್ಟರು ಅಂದುಕೊಳ್ಳಿ. ಆ ನೌಕರ ತನ್ನ 6 ದಿನ ತಗೊಂಡು ಮುಂದಿನ ತಿಂಗಳು 1ಕ್ಕೆ ಹಾಜರಾಗುತ್ತಾನೆ. ಹೊಸ ಕಚೇರಿಯ ಹಾಜರಾತಿಯಲ್ಲಿ 27ರಿಂದ 30ರವರೆಗೆ ಗೈರು. ನಾಲ್ಕು ದಿನದ ಸಂಬಳ ಹೋಯಿತು, ಅವನದ್ದಲ್ಲದ ತಪ್ಪಿಗೆ.

ಅದಕ್ಕೇ ನಾನು ಬರೆಯುವುದು ಹೀಗೆ: "20ರ ಕೆಲಸದ ವೇಳೆ ಮುಗಿದ ನಂತರ ತಮ್ಮನ್ನು ಬಿಡುಗಡೆ ಮಾಡಲಾಗುವುದು. ಬಿಡುಗಡೆಯಾದ ಮರುದಿನದಿಂದ 6 ದಿನಗಳ ಸೇರುವ ಅವಧಿ ಇರುತ್ತದೆ. ಬಿಡುಗಡೆ ತಡವಾದರೆ ಹಾಜರಾಗುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಈ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು." 6 ದಿನದಲ್ಲಿ ರಜಾದಿನ ಸೇರಿದೆಯೋ ಇಲ್ಲವೋ ಅನ್ನೋದನ್ನೂ ಹೇಳಿಬಿಡಿ.

ಅನುಭವಸ್ಥ: ನಾನೂ ಹೋದ ವರ್ಷ ವರ್ಗಾವಣೆಗೆ ಮನವಿ ಬರೆದಿದ್ದೆ. ಅಮ್ಮನ ಆರೋಗ್ಯದ ವಿಷಯ ಹಾಕಿದ್ದೆ, ವೈದ್ಯರ ಪತ್ರ ಲಗತ್ತಿಸಿದ್ದೆ. ನೀವೂ ಮೊದಲು ಮ್ಯಾನೇಜರ್ ಹತ್ರ ಬಾಯಿಮಾತಲ್ಲಿ ಹೇಳಿ ಆಮೇಲೆ ಮನವಿ ಕೊಡಿ.

ಹಳೇ ಎಚ್‌ಆರ್: ಅವರು ಕೇಳಿದ್ದು ಮನವಿಯ ಬಗ್ಗೆ ಅಲ್ಲ ಸರ್, ಕಂಪನಿ ಕೊಡುವ ಪತ್ರದ ಬಗ್ಗೆ. ಆದರೆ ನಿಮ್ಮ ಮಾತಿನಿಂದ ಒಂದು ನೆನಪಾಯಿತು. ನೌಕರ ತಾನಾಗಿ ಕೇಳಿದ ವರ್ಗಾವಣೆಗೆ ಎಷ್ಟೋ ಕಡೆ ಸಾಗಣೆ ಖರ್ಚು ಕೊಡಲ್ಲ. ಹಾಗಾಗಿ "ಕಂಪನಿಯ ಅಗತ್ಯಕ್ಕಾಗಿ" ಅಥವಾ "ತಮ್ಮ ಕೋರಿಕೆಯ ಮೇರೆಗೆ", ಎರಡರಲ್ಲಿ ಯಾವುದು ಅಂತ ಪತ್ರದಲ್ಲಿ ಇರಲೇಬೇಕು.

ಸಣ್ಣ ಕಂಪನಿಯವ: ಭತ್ಯೆಗೆ ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳೋದು? ಒಂದು ಮೊತ್ತ ಕೊಟ್ಟುಬಿಡಿ. ಬಿಲ್ ಇಲ್ಲ, ತಕರಾರಿಲ್ಲ.

ಲೆಕ್ಕ ವಿಭಾಗ: ಬಿಲ್ ಕಾಟ ತಪ್ಪುತ್ತೆ, ನಿಜ. ಆದರೆ ಒಟ್ಟು ಮೊತ್ತಕ್ಕೆ ಎಷ್ಟೋ ಕಡೆ ಸಂಬಳದ ಹಾಗೇ ತೆರಿಗೆ ಬೀಳುತ್ತೆ, ಕೈಗೆ ಬರೋದು ಕಡಿಮೆ. ಒಂಟಿಯಾಗಿ ಒಂದು ಸೂಟ್‌ಕೇಸ್ ಹಿಡಿದು ಹೋಗುವವನಿಗೂ ಮಕ್ಕಳುಮರಿ ಇರುವವನಿಗೂ ಅದೇ ಮೊತ್ತ ಅಂದರೆ ಸರಿಹೋಗಲ್ಲ.

ಬಿಲ್ ಮೇಲೆ ಕೊಡುವುದಾದರೆ ಪ್ರಯಾಣ, ಸಾಮಾನು ಸಾಗಣೆ, ಮನೆ ಸಿಗುವವರೆಗಿನ ತಂಗುವಿಕೆ, ಮೂರಕ್ಕೂ ಮಿತಿ ಬೇರೆ ಬೇರೆ ಬರೆಯಿರಿ. ಬಿಲ್ ಕೊಡುವ ಗಡುವು ಯಾವ ದಿನದಿಂದ ಎಣಿಸಬೇಕು ಅನ್ನೋದೂ ಬೇಕು. ನನ್ನ ಕೈಗೆ ಒಂದು ಕೇಸ್ ಬಂದಿತ್ತು. ಪತ್ರದಲ್ಲಿ "60 ದಿನದೊಳಗೆ" ಅಂತಷ್ಟೇ ಇತ್ತು. ಮಗಳ ಪರೀಕ್ಷೆ ಮುಗಿಯಲಿ ಅಂತ ಅವರು ಕುಟುಂಬವನ್ನು ತಡವಾಗಿ ಕರೆಸಿಕೊಂಡರು. ಪತ್ರದ ದಿನಾಂಕದಿಂದ ಎಣಿಸಿದ್ದಕ್ಕೆ ಲಾರಿ ಬಾಡಿಗೆ ಬಿಲ್ ವಾಪಸ್ ಬಂತು. ಕುಟುಂಬದ ಸಾಗಣೆಗೆ ಬೇರೆ, ಉದ್ದನೆಯ ಗಡುವು ಇಡಿ.

ಕೇಳಿದವರು: ಧನ್ಯವಾದ. ಹಳೇ ಕಚೇರಿಯಿಂದ ರಿಲೀವಿಂಗ್ ಲೆಟರ್ ತರಲು ಹೇಳಿದರೆ ಸಾಕಾ?

ಹಳೇ ಎಚ್‌ಆರ್: ಎಚ್ಚರ ಮೇಡಂ. ರಾಜೀನಾಮೆ ಕೊಟ್ಟವರಿಗೆ ಕೊಡುವ ನಮೂನೆಯನ್ನೇ ಹಳೇ ಕಚೇರಿಯವರು ಕೊಟ್ಟುಬಿಡುತ್ತಾರೆ. ಅದು ಸಂಬಳ ವಿಭಾಗಕ್ಕೆ ಹೋದರೆ "ಕೆಲಸ ಬಿಟ್ಟವರು" ಅಂತ ದಾಖಲಾಗಿ, ಉಳಿದ ರಜೆಗೆ ಹಣ ಲೆಕ್ಕ ಹಾಕಿ, ಅಂತಿಮ ಲೆಕ್ಕವನ್ನೇ ಮುಗಿಸಿಬಿಡುತ್ತಾರೆ. ಆಮೇಲೆ ಹೊಸ ಕಚೇರಿಯಲ್ಲಿ ರಜೆ ಸೊನ್ನೆ. "ವರ್ಗಾವಣೆ ನಿಮಿತ್ತ ಬಿಡುಗಡೆ, ಸೇವೆ ಮುಂದುವರಿದಿದೆ" ಅಂತ ಇರಲಿ. ಜೊತೆಗೆ ಕೊನೆಯ ಸಂಬಳದ ವಿವರ, ಉಳಿದ ರಜೆ, ಒಪ್ಪಿಸಿದ ಲ್ಯಾಪ್‌ಟಾಪ್ ಮತ್ತು ಕಡತಗಳ ಪಟ್ಟಿ. ಹೊಸ ಕಚೇರಿಯಲ್ಲಿ ಮೊದಲ ದಿನವೇ ಹಾಜರಾತಿ ವರದಿ ಕೊಟ್ಟು ಸಹಿ ಹಾಕಿಸಿಕೊಳ್ಳಲಿ. ಮನೆ ಬಾಡಿಗೆ ಭತ್ಯೆ ಹೊಸ ದರಕ್ಕೆ ತಿರುಗುವುದು ಆ ದಿನದಿಂದ ಅಂತ ಪತ್ರದಲ್ಲೇ ಬರೆದುಬಿಡಿ.

ಸಣ್ಣ ಕಂಪನಿಯವ: ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಖರ್ಚು ವಾಪಸ್ ಅನ್ನೋ ಷರತ್ತೂ ಹಾಕಿ.

ಲೆಕ್ಕ ವಿಭಾಗ: ಕಂಪನಿಯೇ ಕಳಿಸಿ, ಕಂಪನಿಯೇ ವಸೂಲಿ ಮಾಡೋದಾ? ಹಾಕಲೇಬೇಕಿದ್ದರೆ ಕಳೆದ ತಿಂಗಳುಗಳಿಗೆ ತಕ್ಕಂತೆ ಇಳಿಯಲಿ. ಎಂಟು ತಿಂಗಳು ಕೆಲಸ ಮಾಡಿದವನಿಂದ ಮೂರನೇ ಒಂದು ಭಾಗ ಮಾತ್ರ.

ಸಣ್ಣ ಕಂಪನಿಯವ: ನಾನಂತೂ ಪೂರ್ತಿ ಕೇಳ್ತೀನಿ.