ಕೊಯ್ಲಿನ ನಡುವೆ ರಜೆ ಕೇಳುವ ಪತ್ರ: ಬರೆದು ಅನುಭವ ಇರುವವರು ಹೇಳಿ

ಕೇಳಿದವರು, ಸಿದ್ದಾಪುರ ಕಡೆ

ಕಾಫಿ ಎಸ್ಟೇಟಿನಲ್ಲಿ ಹಾಜರಿ, ತೂಕದ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಜನವರಿ 20ಕ್ಕೆ ಅಮ್ಮನಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆ ಆಪರೇಷನ್. 8 ದಿನ ರಜೆ ಬೇಕು. ನಮ್ಮ ಮ್ಯಾನೇಜರ್ ಕೊಯ್ಲಿನ ಸಮಯದಲ್ಲಿ ಯಾರಿಗೂ ರಜೆ ಕೊಡಲ್ಲ, ಕೇಳಿದರೇ ಸಿಟ್ಟಾಗುತ್ತಾರೆ. ಏನಂತ ಬರೆಯಲಿ?

ಸುಂಟಿಕೊಪ್ಪದಿಂದ

ರಜೆ ನಿಮ್ಮ ಹಕ್ಕು ಸಾರ್, ಭಿಕ್ಷೆ ಅಲ್ಲ. 20 ದಿನ ಕೆಲಸ ಮಾಡಿದರೆ 1 ದಿನ ಸಂಬಳದ ರಜೆ ಅಂತ ಕಾನೂನಿನಲ್ಲೇ ಇದೆ. ಪತ್ರದ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಬೇಡ ಅನ್ನೋಕೆ ಅವರಿಗೆ ಬಾಯಿ ಬರಲ್ಲ.

ವಿರಾಜಪೇಟೆ ಕಡೆ, ಎಸ್ಟೇಟ್ ಆಫೀಸಿನಲ್ಲಿ 19 ವರ್ಷ

ಮೇಲಿನವರು ಹೇಳಿದ್ದು ಅರ್ಧ ಸರಿ. ರಜೆ ಜಮಾ ಆಗುವುದು ಹಕ್ಕು, ನಿಜ. ಆದರೆ ಯಾವ ದಿನ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ಆಡಳಿತದ ಮಾತೂ ನಡೆಯುತ್ತದೆ. ಕೆಲಸ ನಿಲ್ಲುತ್ತದೆ ಅಂದರೆ ಮುಂದಕ್ಕೆ ಹಾಕಿ ಅಂತ ಅವರು ಹೇಳಬಹುದು. ಕಾನೂನಿನಿಂದ ಶುರುವಾದ ಪತ್ರವನ್ನು ಮ್ಯಾನೇಜರ್ ರಜೆ ಅರ್ಜಿ ಅಂತ ಓದುವುದಿಲ್ಲ, ಜಗಳದ ನೋಟಿಸ್ ಅಂತ ಓದುತ್ತಾರೆ. ನಾನು ರೈಟರ್ ಆಗಿದ್ದಾಗ ಹಾಗೆಯೇ ಒಂದು ಪತ್ರ ಬರೆದೆ. ನಾಲ್ಕು ವರ್ಷದಿಂದ ಕೊಯ್ಲಿನಲ್ಲಿ ಒಂದು ದಿನವೂ ರಜೆ ಹಾಕಿಲ್ಲ, ಹೋದ ವರ್ಷ ಇನ್ನೊಬ್ಬರಿಗೆ ಕೊಟ್ಟಿರಿ, ನನಗೆ ಯಾಕಿಲ್ಲ, ಎಲ್ಲವನ್ನೂ ಸೇರಿಸಿದ್ದೆ. ಮ್ಯಾನೇಜರ್ ಆ ಇನ್ನೊಬ್ಬರ ವಿಷಯವನ್ನೇ ಹಿಡಿದು ಅರ್ಧ ಗಂಟೆ ಮಾತಾಡಿದರು, ನನ್ನ ತಂಗಿಯ ಮದುವೆಯ ಮಾತು ಬರಲೇ ಇಲ್ಲ. ಈಗ ನಾನೇ ಅಸಿಸ್ಟೆಂಟ್ ಮ್ಯಾನೇಜರ್, ಅರ್ಜಿಗಳು ಮೊದಲು ನನ್ನ ಮೇಜಿಗೆ ಬರುತ್ತವೆ, ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಮ್ಯಾನೇಜರ್ ಯಾಕೆ ಬೇಡ ಅನ್ನುತ್ತಾರೆ ಅಂತ ಕೂತು ಯೋಚಿಸಿ. ಸಿಟ್ಟಿನ ಮನುಷ್ಯ ಅಂತ ಬಿಟ್ಟುಬಿಡಬೇಡಿ. ರೋಬಸ್ಟಾ ಕೊಯ್ಲಿನಲ್ಲಿ ರೈಟರ್ ಇಲ್ಲದಿದ್ದರೆ ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಹಾಜರಿ ಯಾರು ಹಾಕುತ್ತಾರೆ? ಸಂಜೆ ಹಣ್ಣು ತೂಕ ಹಾಕುವಾಗ ಕೆ.ಜಿ. ಯಾರು ಬರೆಯುತ್ತಾರೆ? ಶನಿವಾರದ ಬಟವಾಡೆ ಪಟ್ಟಿ ಯಾರು ಮಾಡುತ್ತಾರೆ? ಇವರಿಗೆ ಕೊಟ್ಟರೆ ನಾಳೆ ಉಳಿದವರೂ ಬಂದು ನಿಲ್ಲುತ್ತಾರಲ್ಲ? ಅವರ ತಲೆಯಲ್ಲಿ ಓಡುವುದು ಇಷ್ಟೇ. ಪತ್ರದಲ್ಲಿ ಈ ನಾಲ್ಕಕ್ಕೂ ಉತ್ತರ ಇದ್ದರೆ ಬೇಡ ಅನ್ನೋಕೆ ಹೊಸ ಕಾರಣ ಹುಡುಕಬೇಕಾಗುತ್ತದೆ.

ಇದರಲ್ಲಿ ತೂಕದ ವಿಷಯವೇ ದೊಡ್ಡದು. ಹಾಜರಿಯನ್ನು ಯಾರಾದರೂ ಹಾಕಬಹುದು. ತೂಕ ಹಾಗಲ್ಲ. ಚೀಲದ ತೂಕ ಕಳೆಯುವುದು ಒಬ್ಬರಿಗೆ ಮರೆತು ಇನ್ನೊಬ್ಬರಿಗೆ ನೆನಪಾದರೆ ಅಲ್ಲೇ ಗಲಾಟೆ, ಕೆಲಸದವರಿಗೆ ಅದು ಕೈಗೆ ಬರುವ ದುಡ್ಡಿನ ಮಾತು. ಬೇರೆಯವರು ನೋಡಿಕೊಳ್ಳುತ್ತಾರೆ ಅಂತ ಒಂದು ಸಾಲು ಬರೆದರೆ ಯಾವ ಮ್ಯಾನೇಜರ್ ಕೂಡ ನಂಬಲ್ಲ. ನಾನಾದರೂ ನಂಬಲ್ಲ. ಯಾರು ಅಂತ ಹೆಸರು ಹಾಕಬೇಕು. ನೀವು ಹೋಗುವ ಮೊದಲು ಎರಡು ಸಂಜೆ ಅವರ ಕೈಯಲ್ಲೇ ಬರೆಸಿ, ನೀವು ಪಕ್ಕದಲ್ಲಿ ನಿಂತಿರಬೇಕು. ಆ ಎರಡು ದಿನ ಯಾವುದು ಅಂತಲೂ ಪತ್ರದಲ್ಲಿ ಇರಲಿ. ಹೆಸರು ಹಾಕುವ ಮೊದಲು ಆ ಮನುಷ್ಯನನ್ನು ಕೇಳಿ, ಮರೀಬೇಡಿ. ಮ್ಯಾನೇಜರ್ ಕರೆದು ವಿಚಾರಿಸಿದಾಗ ಆತ "ನನಗೇನೂ ಗೊತ್ತಿಲ್ಲ ಸಾರ್" ಅಂದುಬಿಟ್ಟರೆ ಇಡೀ ಪತ್ರ ಬಿದ್ದುಹೋಗುತ್ತದೆ. ನನ್ನ ಕಣ್ಣ ಮುಂದೆಯೇ ಎರಡು ಸಲ ಹೀಗಾಗಿದೆ.

ಮಡಿಕೇರಿಯಿಂದ

ನಾನು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್. ನಮಗೂ ಇದೇ ಗೋಳು. ಡಿಸೆಂಬರ್ ಕೊನೆ ವಾರ ರಜೆ ಅಂದರೆ ಬಾಗಿಲೇ ಮುಚ್ಚುತ್ತಾರೆ. ನಾನು ಈ ಸಲ ಪುತ್ತರಿ ಹಬ್ಬಕ್ಕೆ ಕೇಳಿದೆ, ಸಿಗಲಿಲ್ಲ. ಹೊಸ ವರ್ಷಕ್ಕಾದರೂ ಸಿಗುವ ಹಾಗೆ ಹೇಗೆ ಬರೆಯಲಿ ಅಣ್ಣಾ? ಹಿಂದಿನ ದಿನ ಜ್ವರ ಅಂತ ಮೆಸೇಜ್ ಹಾಕಿಬಿಡಲಾ?

ವಿರಾಜಪೇಟೆ ಕಡೆ

ಜ್ವರ ಅಂತ ಹಾಕಬೇಡಿ ತಮ್ಮಾ. ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ನಿಮ್ಮನ್ನು ಯಾರಾದರೂ ಕಂಡವರು ಸಂಜೆಯೊಳಗೆ ಹೇಳಿರುತ್ತಾರೆ, ಆಮೇಲೆ ನಿಜವಾಗಿ ಜ್ವರ ಬಂದಾಗಲೂ ನಂಬಲ್ಲ. ನಿಮ್ಮದು ಬೇರೆ ಥರದ ಕಷ್ಟ, ರೂಮೆಲ್ಲ ತುಂಬಿರುವ ದಿನ ಅದು. ಹೊಸ ವರ್ಷದ ದಿನವನ್ನೇ ಕೇಳುವ ಬದಲು ಯಾರ ಜೊತೆಗಾದರೂ ಶಿಫ್ಟ್ ಬದಲಿಸಿಕೊಂಡು, ಇಬ್ಬರೂ ಸೇರಿ ಒಂದೇ ಪತ್ರ ಕೊಡಿ.

ಪೊನ್ನಂಪೇಟೆಯಿಂದ

ರಜೆ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ನಮ್ಮ ಅತ್ತೆಗೆ ಹೋದ ವರ್ಷ ಎರಡೂ ಕಣ್ಣಿಗೆ ಪೊರೆ ತೆಗೆಸಿದೆವು. ಅದಕ್ಕೆ ಒಟ್ಟಿಗೆ 8 ದಿನ ಯಾಕೆ? ಆಪರೇಷನ್ ಆದ ದಿನವೇ ಮನೆಗೆ ಕಳಿಸಿದರು. ಮಾರನೆಯ ದಿನ ಕಟ್ಟು ಬಿಚ್ಚಿ ನೋಡಿದರು. ಮತ್ತೆ ಒಂದು ವಾರ ಬಿಟ್ಟು ತೋರಿಸಲು ಹೇಳಿದರು. ನಡುವೆ ಇದ್ದದ್ದು ಕಣ್ಣಿಗೆ ಹನಿ ಹಾಕುವ ಕೆಲಸ, ಅದು ದಿನಕ್ಕೆ ಹಲವು ಸಲ, ಹಲವು ವಾರ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಬೀಳಬಾರದು ಅಂದಿದ್ದರು. ಹನಿ ಹಾಕಲು ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ? ಇದ್ದರೆ ನೀವು ಎಲ್ಲ ದಿನ ಕೂರಬೇಕಾಗಿಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅದರಂತೆ ಮಾಡಿ.

ಕೇಳಿದವರು

ಮನೆಯಲ್ಲಿ ತಂಗಿ ಇದ್ದಾಳೆ ಅಕ್ಕಾ. ಆದರೆ ಮೈಸೂರಿಗೆ ಅವಳೊಬ್ಬಳೇ ಕರೆದುಕೊಂಡು ಹೋಗೋಕೆ ಆಗಲ್ಲ, ಚಿಕ್ಕ ಮಗು ಇದೆ. ಹನಿ ಹಾಕುತ್ತಾಳೆ. 8 ದಿನ ಅಂತ ನಾನೇ ಅಂದಾಜಿಗೆ ಹಾಕಿದ್ದು.

ವಿರಾಜಪೇಟೆ ಕಡೆ

ಪೊನ್ನಂಪೇಟೆ ಅಕ್ಕ ಹೇಳಿದ್ದೇ ನಿಮ್ಮ ಪತ್ರದ ಜೀವ. 8 ದಿನ ಒಟ್ಟಿಗೆ ಕೇಳಿದರೆ ನಡುವೆ ಒಂದು ಶನಿವಾರ ಬಂದೇ ಬರುತ್ತದೆ, ಬಟವಾಡೆ ಅದರಲ್ಲೇ ಸಿಕ್ಕಿಬೀಳುತ್ತದೆ. ಬಿಡಿಸಿ ಕೇಳಿ. 19 ಸೋಮವಾರ ಸಂಜೆ ತೂಕ ಮುಗಿಸಿ ಹೊರಡಿ, ಅಥವಾ ಮಾರನೆಯ ದಿನ ಬೆಳಗಿನ ಜಾವ. 20 ಮಂಗಳವಾರ ಆಪರೇಷನ್, 21 ತಪಾಸಣೆ, 22 ವಾಪಸ್ ಬಂದು ಮನೆಯಲ್ಲಿ ವ್ಯವಸ್ಥೆ. 23 ಶುಕ್ರವಾರ ಕೆಲಸಕ್ಕೆ ಹಾಜರಾಗಿ ನೀವೇ ಬಟವಾಡೆ ಪಟ್ಟಿ ಮಾಡಿ. ಆಮೇಲೆ 28 ಬುಧವಾರ ಒಂದು ದಿನ ಮತ್ತೆ ತೋರಿಸಲು. ಒಟ್ಟು 4 ದಿನ. ಒಂದು ಬಟವಾಡೆಯೂ ತಪ್ಪಲ್ಲ. ಮ್ಯಾನೇಜರ್ ಹೆದರುತ್ತಿದ್ದದ್ದರಲ್ಲಿ ಅರ್ಧ ಹೀಗೇ ಹೋಯಿತು.

ಇನ್ನು ಅವರು ಖಂಡಿತ ಕೇಳುವ ಪ್ರಶ್ನೆ ಒಂದು ಉಳಿದಿದೆ. ಪೊರೆ ತಾನೇ, ಕೊಯ್ಲು ಮುಗಿದ ಮೇಲೆ ಮಾಡಿಸಬಹುದಲ್ಲ? ಇದಕ್ಕೆ ನಿಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು. ಮಾರ್ಚ್ ಅಂದರೆ ನೀವು ಧೈರ್ಯವಾಗಿ ಹೇಳಬಹುದು, ಆಗ ಸ್ಪ್ರಿಂಕ್ಲರ್ ಕೆಲಸ, ವರ್ಷದ ಲೆಕ್ಕ ಎರಡೂ ಇರುತ್ತದೆ, ರೈಟರ್‌ಗೆ ಬಿಡುವಿಲ್ಲ. ಆದರೆ ಏಪ್ರಿಲ್ ಅಂದರೆ? ಏಪ್ರಿಲ್‌ನಲ್ಲಿ ಕೆಲಸ ಕಡಿಮೆ, ಮಳೆಯೂ ಜೋರಾಗಿರಲ್ಲ. ಕಾಯಬಾರದು ಅಂತ ಡಾಕ್ಟರ್ ಹೇಳಿದ್ದರೆ ಅದನ್ನು ಅವರ ಚೀಟಿಯಲ್ಲೇ ಬರೆಸಿಕೊಂಡು ಜೊತೆಗೆ ಇಡಿ. ಕಾಯಬಹುದು ಅಂದಿದ್ದರೆ ತುರ್ತು ಅಂತ ಬರೆಯಬೇಡಿ. ಸುಳ್ಳು ಒಂದು ಸಿಕ್ಕಿದರೆ ಉಳಿದ ನಿಜವೂ ಹೋಗುತ್ತದೆ.

ಪತ್ರ ಹೀಗಿರಲಿ, ಒಂದು ಪುಟ ಮೀರಬಾರದು:

"ಮಾನ್ಯರೇ, ನನ್ನ ತಾಯಿಗೆ ಜನವರಿ 20ರಂದು ಮೈಸೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಗಿದೆ. ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಜನವರಿ 20, 21, 22 ಮತ್ತು 28, ಒಟ್ಟು 4 ದಿನ ರಜೆ ಕೋರುತ್ತೇನೆ. ಡಾಕ್ಟರ್ ಚೀಟಿ ಲಗತ್ತಿಸಿದ್ದೇನೆ.

ಈ ದಿನಗಳಲ್ಲಿ ಹಾಜರಿ ಮತ್ತು ಹಣ್ಣಿನ ತೂಕ ಬರೆಯಲು ಫೀಲ್ಡ್ ಸೂಪರ್‌ವೈಸರ್ ಒಪ್ಪಿದ್ದಾರೆ. ಜನವರಿ 12 ಮತ್ತು 13ರ ಸಂಜೆ ನನ್ನ ಎದುರಿನಲ್ಲೇ ಅವರು ತೂಕ ಬರೆಯುತ್ತಾರೆ. 23ರಂದು ನಾನು ಬಂದು ಮೂರು ದಿನದ ಲೆಕ್ಕ ತಾಳೆ ನೋಡಿ, 24ರ ಬಟವಾಡೆ ಪಟ್ಟಿ ಸಿದ್ಧ ಮಾಡುತ್ತೇನೆ. ರಜೆಯ ದಿನಗಳಲ್ಲಿ ರಾತ್ರಿ 7ರಿಂದ 8ರವರೆಗೆ ಫೋನಿನಲ್ಲಿ ಸಿಗುತ್ತೇನೆ.

28ನೇ ತಾರೀಕು ಕೆಲಸಕ್ಕೆ ತೊಂದರೆಯಾದರೆ ಡಾಕ್ಟರನ್ನು ಕೇಳಿ ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು. 20 ಮತ್ತು 21 ಬದಲಿಸಲು ಆಗುವುದಿಲ್ಲ. ಡಿಸೆಂಬರ್ 31ರೊಳಗೆ ತಿಳಿಸಿದರೆ ಆಸ್ಪತ್ರೆಗೆ ಖಚಿತಪಡಿಸುತ್ತೇನೆ."

ಹೆಚ್ಚು ಬೇಡಿಕೊಳ್ಳುವ ಮಾತು ಇದರಲ್ಲಿಲ್ಲ ನೋಡಿ, ದೂರೂ ಇಲ್ಲ. ಸೂಪರ್‌ವೈಸರ್ ಹೆಸರು ನೀವು ಹಾಕಿ. "ಬೇರೆಯವರೂ ಕೇಳುತ್ತಾರೆ" ಅನ್ನುವ ಭಯಕ್ಕೆ ಪತ್ರದಲ್ಲಿ ನೇರ ಉತ್ತರ ಬರೆದಿಲ್ಲ, ಬರೆದರೆ ನೀವೇ ಅದನ್ನು ನೆನಪಿಸಿದ ಹಾಗೆ. ಡಾಕ್ಟರ್ ಚೀಟಿ, ಬದಲಿ ಆಳು, ಎರಡು ದಿನದ ಅಭ್ಯಾಸ, ಇಷ್ಟನ್ನೂ ತಂದವರಿಗೆ ಮಾತ್ರ ಕೊಟ್ಟೆ ಅಂತ ಅವರು ಉಳಿದವರಿಗೆ ಹೇಳಿಕೊಳ್ಳಬಹುದು.

ಸುಂಟಿಕೊಪ್ಪದಿಂದ

ಫೋನಿನ ಸಾಲು ನನಗೆ ಒಪ್ಪಿಗೆ ಇಲ್ಲ. ರಜೆ ಅಂದ ಮೇಲೆ ರಜೆ. ಒಂದು ಗಂಟೆ ಅಂತ ಕೊಟ್ಟರೆ ದಿನವಿಡೀ ಕರೆ ಮಾಡುತ್ತಾರೆ.

ವಿರಾಜಪೇಟೆ ಕಡೆ

ಏನೂ ಬರೆಯದಿದ್ದರೆ ಯಾವಾಗ ಬೇಕಾದರೂ ಕರೆ ಬರುತ್ತದೆ. ಗಂಟೆ ಹೇಳಿದರೆ ಉಳಿದ ಸಮಯಕ್ಕೆ ಬೇಲಿ ಹಾಕಿದ ಹಾಗೆ. ಆದರೆ ಆಪರೇಷನ್ ದಿನ, 20ಕ್ಕೆ, ಅದನ್ನೂ ಕೊಡಬೇಡಿ ಅಂದರೆ ನಾನು ಒಪ್ಪುತ್ತೇನೆ. ಆ ದಿನ ಅಮ್ಮನ ಪಕ್ಕದಲ್ಲಿರಲಿ.

ಪೊನ್ನಂಪೇಟೆಯಿಂದ

ಪತ್ರ ಸುಮ್ನೆ ಮೇಜಿನ ಮೇಲಿಟ್ಟು ಬರುವುದಾ, ಮೊದಲು ಬಾಯಲ್ಲಿ ಹೇಳುವುದಾ? ನಮ್ಮ ಮನೆಯವರು ಮೊದಲು ಹೇಳಿಯೇ ಕೊಡುತ್ತಾರೆ.

ವಿರಾಜಪೇಟೆ ಕಡೆ

ಸಿಟ್ಟಿನವರ ಹತ್ತಿರ ಮೊದಲು ಹೇಳಿದರೆ ಅಲ್ಲೇ ಬೇಡ ಅಂದುಬಿಡುತ್ತಾರೆ, ಆಮೇಲೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವುದು ಅವರಿಗೂ ಕಷ್ಟ. ಬೆಳಿಗ್ಗೆ ಹಾಜರಿ ಗಡಿಬಿಡಿ, ಸಂಜೆ ತೂಕದ ಗಡಿಬಿಡಿ, ಆಗ ಕೊಡಬೇಡಿ. ಮಧ್ಯಾಹ್ನ ಆಫೀಸಿನಲ್ಲಿ ಕೂತಿರುವಾಗ ಕೊಟ್ಟು, "ಓದಿ ನೋಡಿ ಸಾರ್, ನಾಳೆ ಬರುತ್ತೇನೆ" ಅಂತ ಹೇಳಿ ಎದ್ದು ಬನ್ನಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಕೊಟ್ಟ ತಾರೀಕು ಬರೆದುಕೊಳ್ಳಿ. ಅಷ್ಟಾದರೂ ಬೇಡ ಅಂದರೆ ಆಗ ಸುಂಟಿಕೊಪ್ಪದವರ ಕಾನೂನಿನ ಮಾತು ತೆಗೆಯೋಣ, ಅದಕ್ಕೂ ಈ ಪ್ರತಿ ಬೇಕಾಗುತ್ತದೆ.

ಕೇಳಿದವರು, ಎರಡು ವಾರದ ಮೇಲೆ

ಡಾಕ್ಟರ್ ಚೀಟಿ ಬರೆದುಕೊಟ್ಟರು. ಪೊರೆ ಚೆನ್ನಾಗಿ ಬಲಿತಿದೆ, ತಡ ಮಾಡಬೇಡಿ ಅಂತ ಅದರಲ್ಲೇ ಇದೆ. ಸೂಪರ್‌ವೈಸರನ್ನು ಮೊದಲೇ ಕೇಳಿದ್ದೆ. ಒಪ್ಪಿದರು, ಆದರೆ ಚೀಲದ ತೂಕ ಕಳೆಯುವುದು ಅವರಿಗೆ ಗೊಂದಲ ಅಂತ ಆಗ ಗೊತ್ತಾಯಿತು. ಅದಕ್ಕೆ ಎರಡಲ್ಲ, ಮೂರು ಸಂಜೆ ಅಂತ ಬರೆದೆ. ಮ್ಯಾನೇಜರ್ ಸಾರ್ ಓದಿ, ಏಪ್ರಿಲ್‌ಗೆ ಆಗಲ್ವಾ ಅಂತಲೇ ಕೇಳಿದರು. ನಾನು ಚೀಟಿ ತೋರಿಸಿದೆ, ಬೇರೇನೂ ಹೇಳಲಿಲ್ಲ. 20, 21, 22 ಕೊಟ್ಟಿದ್ದಾರೆ. 28ರ ಮಾತು ಆಮೇಲೆ ನೋಡೋಣ ಅಂದಿದ್ದಾರೆ. ಅದನ್ನು ಈಗಲೇ ಮತ್ತೆ ಕೇಳಲಾ, 23ಕ್ಕೆ ವಾಪಸ್ ಬಂದು ಲೆಕ್ಕ ತೋರಿಸಿದ ಮೇಲೆ ಕೇಳಲಾ?

ವಿರಾಜಪೇಟೆ ಕಡೆ

24ರ ಬಟವಾಡೆ ಮುಗಿದ ಮೇಲೆ ಕೇಳಿ. ಪಟ್ಟಿ ತಪ್ಪಿಲ್ಲದೆ ಇರಲಿ.

ಪೊನ್ನಂಪೇಟೆಯಿಂದ

ನಾನಾದರೆ ಈಗಲೇ ಕೇಳುತ್ತೇನೆ. ಆಸ್ಪತ್ರೆಯವರು ಆ ದಿನ ಬೇರೆಯವರಿಗೆ ಕೊಟ್ಟುಬಿಟ್ಟರೆ?